ಕಾಲ ಮೇಲೆ ಕಾಲು ಹಾಕಿದ್ದು ಯಾರಿಗೆ ಕಾಣ್ತು?

ಪೋಸ್ಟ್ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

‘ಜೈ ಭೀಮ್’ ಸಿನಿಮಾ 2021ರ ನವೆಂಬರ್ 2ಕ್ಕೆ ಒಟಿಟಿಗೆ ಬಂತು, ಕನ್ನಡ ಡಬ್ಬಿಂಗ್ ಸಮೇತ. ನಮ್ಮಲ್ಲಿ ನೋಡದವರು ಕಡಿಮೆ. ಅದರ ಮೊದಲ ದೃಶ್ಯ ನೆನಪಿಸಿಕೊಳ್ಳಿ. ಜೈಲಿನ ಬಾಗಿಲಲ್ಲಿ ಬಿಡುಗಡೆ ಆದವರನ್ನ ನಿಲ್ಲಿಸಿ ‘ನಿಂದು ಯಾವ ಜಾತಿ’ ಅಂತ ಕೇಳ್ತಾರೆ. ಕೆಲವರನ್ನ ಮನೆಗೆ ಕಳಿಸ್ತಾರೆ, ಕೆಲವರನ್ನ ಪಕ್ಕಕ್ಕೆ ನಿಲ್ಲಿಸ್ತಾರೆ. ಈಗ ಕೊನೆಯ ದೃಶ್ಯ. ಹುಡುಗಿ ಅಲ್ಲಿ, ವಕೀಲ ಚಂದ್ರು ಎದುರು ಕುರ್ಚಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ ಪೇಪರ್ ಬಿಡಿಸ್ತಾಳೆ. ಎಷ್ಟು ಜನ ಆ ಚಿತ್ರವನ್ನ ಡಿಪಿ ಹಾಕ್ಕೊಂಡಿದ್ರಿ, ನೆನಪಿದೆಯಾ?

ಮೊದಲ ದೃಶ್ಯ ಪೂರ್ತಿ ಮಾತಿನಲ್ಲಿದೆ. ಕೊನೆಯದರಲ್ಲಿ ಸಂಗೀತ ಬಿಟ್ಟರೆ ಏನೂ ಇಲ್ಲ. ಅಂದ್ರೆ ಕಣ್ಣು ಕಾಣದವರಿಗೆ ಮೊದಲನೇದು ಸಿಗುತ್ತೆ, ಕೊನೇದು ಸಿಗಲ್ಲ. ಕಿವಿ ಕೇಳದವರಿಗೆ ಸರಿಯಾಗಿ ಉಲ್ಟಾ. ಸಕಲೇಶಪುರದ ತೋಟಗಳಲ್ಲಿ ನಲವತ್ತು ವರ್ಷ ದುಡಿದು, ಈಗ ಕಣ್ಣು ಹೋಗಿರೋ ನಮ್ಮ ದೊಡ್ಡಪ್ಪ ಆ ಕೊನೆ ನಿಮಿಷದಲ್ಲಿ ‘ಯಾಕ್ರಲೇ ಎಲ್ಲ ಸುಮ್ನಾದ್ರಿ, ಮುಗೀತಾ?’ ಅಂತ ಕೇಳಿದರು. ಮನೆಯಲ್ಲಿದ್ದ ಏಳೂ ಜನ ಕಣ್ಣು ಒರೆಸ್ಕೊಳ್ತಾ ಇದ್ದೆವು. ಹೇಳೋಕೆ ಯಾರಿಗೂ ಗಂಟಲು ಬರಲಿಲ್ಲ.

ಆ ಕೊರತೆ ತುಂಬೋದಕ್ಕೆ ಇರೋದೇ ಆಡಿಯೋ ಡಿಸ್ಕ್ರಿಪ್ಷನ್. ಮಾತಿನ ನಡುವೆ ಸಿಗೋ ಬಿಡುವಿನಲ್ಲಿ ಒಂದು ದನಿ ತೆರೆ ಮೇಲೆ ಏನಾಗ್ತಿದೆ ಅಂತ ಹೇಳುತ್ತೆ. ಕಿವಿ ಕೇಳದವರಿಗೆ ಕ್ಯಾಪ್ಷನ್. ಕ್ಯಾಪ್ಷನ್ ಅಂದರೆ ಸಬ್‌ಟೈಟಲ್ ಅಲ್ಲ. ಸಬ್‌ಟೈಟಲ್ ಬರೆಯೋರು ನೋಡುಗನಿಗೆ ಕಿವಿ ಕೇಳುತ್ತೆ, ಭಾಷೆ ಮಾತ್ರ ಬರಲ್ಲ ಅಂದುಕೊಂಡಿರ್ತಾರೆ. ಅದಕ್ಕೇ ಬಾಗಿಲು ಬಡಿದ ಸದ್ದು, ಹೊರಗಿನಿಂದ ಕೂಗಿದವರು ಯಾರು, ಇದ್ಯಾವುದೂ ಅದರಲ್ಲಿ ಇರಲ್ಲ. ಕ್ಯಾಪ್ಷನ್‌ನಲ್ಲಿ ಇರಬೇಕು.

ಈಗ ಹುಡುಕೋ ವಿಚಾರ. ನಾನು ಮೂರು ಮನೆಗೆ ಈ ಕೆಲಸ ಮಾಡಿಕೊಡ್ತೀನಿ, ಅದರಿಂದ ಗೊತ್ತಾದದ್ದು ಹೇಳ್ತೀನಿ.

ಒಟಿಟಿಯಲ್ಲಿ ಸಿನಿಮಾದ ವಿವರ ಇರೋ ಪುಟದಲ್ಲಿ `CC` ಅಥವಾ `AD` ಅಂತ ಗುರುತು ಇರುತ್ತೆ. ಅಷ್ಟಕ್ಕೇ ಖುಷಿಪಟ್ಟು ಹಾಕಬೇಡಿ. ಆ ಗುರುತು ಯಾವ ಭಾಷೆಗೆ ಅಂತ ಹೇಳಲ್ಲ. ಇನ್ನೂ ಕೆಳಗೆ ಇಳಿದು, ಆಡಿಯೋ ಭಾಷೆಗಳ ಪಟ್ಟಿ, ಸಬ್‌ಟೈಟಲ್ ಭಾಷೆಗಳ ಪಟ್ಟಿ ಎರಡನ್ನೂ ಓದಬೇಕು. ಕನ್ನಡ ಸಿನಿಮಾಗಳಲ್ಲಿ ಸಾಮಾನ್ಯವಾಗಿ ಕಾಣೋದು ಆಡಿಯೋ ಕನ್ನಡ, ಅಕ್ಷರ ಇಂಗ್ಲಿಷ್. ಅದು ಕನ್ನಡ ಬಾರದೋರಿಗೆ ಮಾಡಿದ್ದು. ಆಲೂರು ಕಡೆಯ ನಮ್ಮ ನೆಂಟರ ಹುಡುಗಿ ಒಬ್ಬಳಿಗೆ ಹುಟ್ಟಿನಿಂದ ಕಿವಿ ಕೇಳಲ್ಲ. ಕನ್ನಡದಲ್ಲೇ ಅಕ್ಷರ ಕಲಿತವಳು. ಅವಳ ಭಾಷೆಯ ಸಿನಿಮಾ, ಅವಳ ಊರಿನ ಮಾತು, ಆದರೆ ಓದಬೇಕಾದ್ದು ಇಂಗ್ಲಿಷಲ್ಲಿ. ಇಂಗ್ಲಿಷ್ ಓದೋಕೆ ಬರೋ ಮನೆಗಳು ಯಾವ ಕೇರಿಯಲ್ಲಿ ಎಷ್ಟಿವೆ ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಆಡಿಯೋ ಡಿಸ್ಕ್ರಿಪ್ಷನ್‌ನಲ್ಲಿ ಇನ್ನೊಂದು ತೊಡಕು ಇದೆ. ಅದು ಬೇರೆ ಪದರವಾಗಿ ಬರಲ್ಲ. ಒಂದು ಭಾಷೆಯ ಇಡೀ ಆಡಿಯೋ ಟ್ರ್ಯಾಕ್ ಒಳಗೆ ಸೇರಿಸಿರ್ತಾರೆ. ಪಟ್ಟಿಯಲ್ಲಿ ಭಾಷೆಯ ಹೆಸರಿನ ಪಕ್ಕ `[Audio Description]` ಅಂತ ಇರುತ್ತೆ. ಹಿಂದಿ ಪಕ್ಕ ಮಾತ್ರ ಇದ್ದರೆ, ಅದನ್ನ ಒತ್ತಿದ ಕೂಡಲೇ ಪಾತ್ರಗಳ ಮಾತೂ ಹಿಂದಿಗೆ ಹೋಗುತ್ತೆ. ದೊಡ್ಡಪ್ಪನಿಗೆ ಕನ್ನಡ ಡಬ್ಬಿಂಗ್ ಬೇಕಾ, ವಿವರಣೆ ಬೇಕಾ, ಒಂದನ್ನ ಬಿಡಬೇಕು. ನೆಟ್‌ಫ್ಲಿಕ್ಸಲ್ಲಿ ವಿವರಣೆ ಇರೋದನ್ನ ಒಟ್ಟಿಗೆ ನೋಡೋಕೆ `netflix.com/browse/audio-description` ಅಂತ ಒಂದು ಪುಟ ಇದೆ. ಅಲ್ಲೂ ಒಂದೊಂದು ತೆರೆದು ಭಾಷೆ ನೋಡಲೇಬೇಕು.

ಡಬ್ ಆದ ಸಿನಿಮಾದಲ್ಲಿ ಕನ್ನಡ ಅಕ್ಷರ ಸಿಕ್ಕರೂ ಒಂದು ಪರೀಕ್ಷೆ ಮಾಡಿ. ಅಕ್ಷರ ಮೂಲ ಭಾಷೆಯಿಂದ ಅನುವಾದ ಆಗಿರುತ್ತೆ, ದನಿ ಬೇರೆ ಅನುವಾದದಿಂದ ಬಂದಿರುತ್ತೆ. ತೆರೆ ಮೇಲೆ ‘ನಾಳೆ ಬಾ’ ಅಂತಿದ್ದರೆ ಬಾಯಲ್ಲಿ ‘ಹೊತ್ತಾರೆ ಬಂದ್ಬಿಡು’ ಅಂತಿರುತ್ತೆ. ಪೂರ್ತಿ ಕೇಳದವರಿಗೆ ಇದರಿಂದ ತೊಂದರೆ ಇಲ್ಲ. ಅರ್ಧಂಬರ್ಧ ಕೇಳೋ ಹಿರಿಯರಿಗೆ ಮಾತ್ರ ಇದು ಹಿಂಸೆ. ಕಿವಿಗೆ ಬಿದ್ದದ್ದನ್ನ ಕಣ್ಣಿನಲ್ಲಿ ಖಚಿತ ಮಾಡ್ಕೊಳ್ಳೋಣ ಅಂತ ನೋಡಿದರೆ ಎರಡೂ ಹೊಂದಲ್ಲ. ಹತ್ತು ನಿಮಿಷಕ್ಕೆ ತಲೆನೋವು ಅಂತ ಎದ್ದು ಹೋಗ್ತಾರೆ.

ಯೂಟ್ಯೂಬಲ್ಲಿ ಹುಡುಕಿದ ಮೇಲೆ ಫಿಲ್ಟರ್ ಒತ್ತಿ `Subtitles/CC` ಆರಿಸಬಹುದು. ಅಕ್ಷರದ ಪಟ್ಟಿಯಲ್ಲಿ `auto-generated` ಅಂತಿದ್ದರೆ ಅದು ಯಂತ್ರ ಕೇಳಿ ಬರೆದದ್ದು, ಮನುಷ್ಯರು ಬರೆದದ್ದಲ್ಲ. ನಮ್ಮ ಕಡೆಯ ಮಾತು, ಜನರ ಹೆಸರು, ಊರಿನ ಹೆಸರು ಬಂದ ಕಡೆ ಅದನ್ನ ನಂಬಬೇಡಿ. ಯಾವುದೇ ಕ್ಯಾಪ್ಷನ್ ನಂಬಬಹುದಾ ಅಂತ ತಿಳಿಯೋಕೆ ನಾನು ಮಾಡೋದು ಇಷ್ಟೇ: ಟಿವಿ ಮ್ಯೂಟ್ ಮಾಡಿ, ಒಂದು ಹಾಡು, ಒಂದು ಜಗಳ, ತೆರೆಯಲ್ಲಿ ಕಾಣದವರು ಮಾತಾಡೋ ಒಂದು ಜಾಗ, ಈ ಮೂರು ನೋಡ್ತೀನಿ. ಜಗಳದಲ್ಲಿ ಯಾರ ಮಾತು ಯಾರದ್ದು ಅಂತ ಗೊತ್ತಾದರೆ ಅದು ಪರವಾಗಿಲ್ಲ.

ಕಾನೂನು ಏನು ಹೇಳುತ್ತೆ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಆಡಿಯೋ ಡಿಸ್ಕ್ರಿಪ್ಷನ್, ಸಂಜ್ಞಾ ಭಾಷೆ, ಕ್ಯಾಪ್ಷನ್ ಮೂರನ್ನೂ ಹೆಸರು ಹಿಡಿದು ಹೇಳುತ್ತೆ. ಹೇಳಿ ಆರು ವರ್ಷ ಸುಮ್ಮನೆ ಕೂತಿತ್ತು. ಆಮೇಲೆ ಅಕ್ಷತ್ ಬಾಲ್ದ್ವಾ ಅನ್ನೋ ದೃಷ್ಟಿದೋಷ ಇರೋ ಕಾನೂನು ವಿದ್ಯಾರ್ಥಿ ಮತ್ತೆ ಸಂಗಡಿಗರು ‘ಪಠಾಣ್’ ಸಿನಿಮಾ ವಿಚಾರವಾಗಿ ದೆಹಲಿ ಹೈಕೋರ್ಟಿಗೆ ಹೋದರು. ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ 2023ರ ಜನವರಿ 16ರಂದು, ಒಟಿಟಿಗೆ ಬರೋ ಹೊತ್ತಿಗೆ ಹಿಂದಿಯಲ್ಲಿ ಆಡಿಯೋ ಡಿಸ್ಕ್ರಿಪ್ಷನ್, ಸಬ್‌ಟೈಟಲ್, ಕ್ಯಾಪ್ಷನ್ ಸಿದ್ಧ ಮಾಡಿ ಅಂತ ಆದೇಶ ಕೊಟ್ಟರು. ಥಿಯೇಟರಿಗೆ ಬರೋಕೆ ಒಂಬತ್ತೇ ದಿನ ಉಳಿದಿತ್ತು, ಅದಕ್ಕೇ ಥಿಯೇಟರಿಗೆ ಅನ್ವಯ ಮಾಡಲಿಲ್ಲ.

2024ರ ಮಾರ್ಚ್ 15ಕ್ಕೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಥಿಯೇಟರ್ ಸಿನಿಮಾಗಳಿಗೆ ಮಾರ್ಗಸೂಚಿ ಹೊರಡಿಸ್ತು. ಅದರ ಕ್ರಮ ಗಮನಿಸಿ. ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ಸೆನ್ಸಾರ್ ಆಗೋ ಸಿನಿಮಾಗಳಿಗೆ ಆರು ತಿಂಗಳ ಗಡುವು, ಉಳಿದವಕ್ಕೆ ಆಮೇಲೆ. ಐದು ಭಾಷೆಯಲ್ಲಿ ಬರೋ ದೊಡ್ಡ ಹೀರೋಗಳ ಸಿನಿಮಾ ಮೊದಲು, ಕನ್ನಡದಲ್ಲಿ ಮಾತ್ರ ಬರೋ ಚಿಕ್ಕ ಸಿನಿಮಾ ಕೊನೆಗೆ. ನಮ್ಮ ಬದುಕಿನ ಕತೆ ಯಾವ ಪಂಕ್ತಿಯಲ್ಲಿ ಕೂತಿರುತ್ತೆ ಅಂತ ಗೊತ್ತಲ್ಲ. ಪಂಕ್ತಿಯ ತುದಿ ನಮಗೇನು ಹೊಸದಲ್ಲ ಬಿಡಿ.

ಥಿಯೇಟರಲ್ಲಿ ಇದು ಕೆಲಸ ಮಾಡೋದು ಮೊಬೈಲಿನಿಂದ. `XL Cinema`, `Moviebuff Access` ಅಂತ ಆ್ಯಪ್‌ಗಳಿವೆ. ಸಿನಿಮಾದ ವಿವರಣೆಯ ಆಡಿಯೋ ಫೈಲನ್ನ ಮೊದಲೇ ಇಳಿಸ್ಕೊಂಡಿರಬೇಕು. ಥಿಯೇಟರಲ್ಲಿ ಫೋನಿನ ಮೈಕ್ ಸಿನಿಮಾದ ಸದ್ದು ಕೇಳಿಸ್ಕೊಂಡು, ಈಗ ಕತೆ ಎಲ್ಲಿದೆ ಅಂತ ಪತ್ತೆ ಹಚ್ಚಿ, ಅಲ್ಲಿಂದ ಇಯರ್‌ಫೋನಲ್ಲಿ ವಿವರಣೆ ಶುರು ಮಾಡುತ್ತೆ. ತಡವಾಗಿ ಹೋದರೂ ಹೊಂದಿಸ್ಕೊಳ್ಳುತ್ತೆ. ನಮ್ಮ ಕಡೆಯವರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಹೆತ್ತೂರು, ಬಿಸಿಲೆ ಕಡೆಯವರಿಗೆ ನೆಟ್‌ವರ್ಕ್ ಸಿಕ್ಕ ಜಾಗದಲ್ಲಿ ಇಳಿಸ್ಕೊಂಡ್ರೆ ಸಾಕು. ಟಿಕೆಟ್ ತಗೊಳ್ಳೋ ಮುಂಚೆ ಮನೆಯಲ್ಲೇ ಆ್ಯಪ್ ತೆರೆದು, ಸಿನಿಮಾ ಹೆಸರು ಇದೆಯಾ, ಅದರ ಕೆಳಗೆ ಕನ್ನಡ ಇದೆಯಾ ನೋಡಿ. ಇಲ್ಲದಿದ್ದರೆ ಹಾಸನದವರೆಗಿನ ಬಸ್ ಚಾರ್ಜ್ ದಂಡ. ಒಂದೇ ಕಿವಿಗೆ ಇಯರ್‌ಫೋನ್ ಹಾಕಿಸಿ, ಇನ್ನೊಂದು ಕಿವಿ ಸಿನಿಮಾಕ್ಕೆ ಬಿಡಿ.

ಸರಿ, ಸಿಗದೇ ಇದ್ದದ್ದಕ್ಕೆ ಏನು ಮಾಡೋದು? ನಾವೇ ಬರೀಬೇಕು. ಇದು ಕಳ್ಳತನ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು 52(1)(ಝಡ್‌ಬಿ) ಸೇರಿಸಿದ್ದಾರೆ. ವಿಕಲಚೇತನರಿಗೆ ತಲುಪೋ ರೂಪಕ್ಕೆ ಒಂದು ಕೃತಿಯನ್ನ ಯಾರು ಬೇಕಾದರೂ ತರಬಹುದು, ಅವರ ಸ್ವಂತ ಬಳಕೆಗೆ, ಓದಿಗೆ ಹಂಚಬಹುದು. ಲಾಭ ಮಾಡಬಾರದು. ಗಮನಿಸಿ, ಇದು ಅವರಿಗಾಗಿ ಮಾತ್ರ. ಸಮುದಾಯ ಭವನದಲ್ಲಿ ಪರದೆ ಕಟ್ಟಿ ಊರಿಗೆಲ್ಲ ಸಿನಿಮಾ ತೋರಿಸೋಕೆ ಇದು ಪರವಾನಗಿ ಅಲ್ಲ, ಅದಕ್ಕೆ ಹಕ್ಕುದಾರರನ್ನೇ ಕೇಳಬೇಕು.

ನಾವು ಶುರು ಮಾಡಿರೋದು ‘ಚೋಮನ ದುಡಿ’ಯಿಂದ. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದ್ದು. ಚೋಮನಾಗಿ ಎಂ.ವಿ. ವಾಸುದೇವರಾವ್. ಚೋಮನ ಮಕ್ಕಳು ಸಾಲ ತೀರಿಸೋಕೆ ಹತ್ತಿ ಬರೋದು ಘಟ್ಟದ ಕಾಫಿ ತೋಟಕ್ಕೆ. ನಮ್ಮ ಲೈನ್ ಮನೆಗಳಲ್ಲಿ ಅದು ಕತೆ ಅಲ್ಲ, ಅಜ್ಜಂದಿರ ಇತಿಹಾಸ. ಇನ್ನೊಂದು ಕಾರಣ, ಸಿನಿಮಾದ ಹೆಸರಲ್ಲೇ ಒಂದು ಸದ್ದಿದೆ. ಚೋಮ ಸಿಟ್ಟು, ದುಃಖ, ಸಂತೋಷ ಎಲ್ಲವನ್ನೂ ದುಡಿಯಲ್ಲೇ ಬಡಿದು ಹೇಳೋನು, ಕೊನೆಗೆ ಬಡೀತಾ ಬಡೀತಾನೇ ಸಾಯೋನು. ಕಿವಿ ಕೇಳದ ಹುಡುಗಿಗೆ ಈ ಸಿನಿಮಾವನ್ನ ಮಾತಿನ ಅಕ್ಷರ ಮಾತ್ರ ಹಾಕಿ ಕೊಟ್ಟರೆ, ದುಡಿಯನ್ನ ಕಿತ್ಕೊಂಡು ಚೋಮನನ್ನ ಮಾತ್ರ ಕೊಟ್ಟ ಹಾಗೆ.

ಕ್ಯಾಪ್ಷನ್ ಫೈಲ್ ಅಂದ್ರೆ ಬರೀ ನೋಟ್‌ಪ್ಯಾಡ್ ಬರಹ. ಕ್ರಮಸಂಖ್ಯೆ, ಶುರು–ಕೊನೆ ಸಮಯ, ಅಕ್ಷರ. ಸಮಯ ಇಲ್ಲಿ ಉದಾಹರಣೆಗೆ ಹಾಕಿರೋದು:

```
41
00:12:08,200 --> 00:12:11,900
[ದೂರದಲ್ಲಿ ದುಡಿ, ನಿಧಾನವಾಗಿ]

42
00:12:14,000 --> 00:12:17,500
[ದುಡಿ ಜೋರಾಗುತ್ತದೆ]
```

‘[ಸಂಗೀತ]’ ಅಂತ ಹಾಕಿದರೆ ಅದು ಬರೆದವರ ಸೋಮಾರಿತನ. ದುಡಿ ಎಲ್ಲಿಂದ, ಎಷ್ಟು ವೇಗ, ಯಾವಾಗ ನಿಲ್ತು, ಮೂರನ್ನೂ ಬರೀಬೇಕು. ನಿಂತದ್ದನ್ನ ಬರೆಯೋದು ಹೆಚ್ಚಿನವರು ಮರೀತಾರೆ. ‘[ದುಡಿ ನಿಲ್ಲುತ್ತದೆ]’ ಅಂತ ಕೊನೆಯಲ್ಲಿ ಇಲ್ಲದಿದ್ದರೆ, ಕೇಳದವರಿಗೆ ಚೋಮ ಇನ್ನೂ ಬಡೀತಾನೇ ಇದ್ದಾನೆ.

ಒಂದು ಸಲಕ್ಕೆ ಎರಡೇ ಸಾಲು, ಸಾಲಿಗೆ ನಲವತ್ತು ಅಕ್ಷರ ದಾಟದ ಹಾಗೆ ನೋಡ್ಕೊಳ್ತೀವಿ. ಎಷ್ಟು ಹೊತ್ತು ತೆರೆ ಮೇಲೆ ಬಿಡಬೇಕು ಅನ್ನೋದನ್ನ ನಾವು ಓದಿ ಅಳೆಯೋದಲ್ಲ. ಸಂಜ್ಞಾ ಭಾಷೆ ಮೊದಲ ಭಾಷೆ ಆದವರಿಗೆ ಕನ್ನಡ ಓದು ಎರಡನೇ ಭಾಷೆ, ಅದರ ವ್ಯಾಕರಣವೇ ಬೇರೆ. ಅದಕ್ಕೆ ಆ ಹುಡುಗಿಯನ್ನೇ ಮುಂದೆ ಕೂರಿಸಿ, ಅವಳ ಕಣ್ಣು ಅಕ್ಷರದಿಂದ ಮೇಲೆದ್ದು ಮುಖಗಳ ಕಡೆ ಹೋಯ್ತಾ ಅಂತ ನೋಡ್ತೀವಿ. ಹೋಗೋ ಮುಂಚೆ ಸಾಲು ಬದಲಾದರೆ ಸಮಯ ಸಾಲದು ಅಂತ ಅರ್ಥ. ಆಗ ಮಾತನ್ನ ಚಿಕ್ಕದು ಮಾಡೋ ಬದಲು, ಮುಂದಿನ ಬಿಡುವಿನ ತನಕ ಅಕ್ಷರ ಬಿಡ್ತೀವಿ. ಮಾತನ್ನ ಕತ್ತರಿಸಿ ‘ಸರಳ’ ಮಾಡಿದರೆ ‘ನನಗೆ ಕಡಿಮೆ ಯಾಕೆ ಕೊಟ್ರಿ’ ಅಂತ ಅವಳೇ ಸನ್ನೆಯಲ್ಲಿ ಕೇಳ್ತಾಳೆ, ಸರಿಯಾಗೇ ಕೇಳ್ತಾಳೆ.

ಫೈಲನ್ನ UTF-8 ಆಗಿ ಉಳಿಸಿ, ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಪ್ರಶ್ನೆ ಚಿಹ್ನೆ ಬರುತ್ತೆ. ಸಿನಿಮಾ ಫೈಲಿಗೆ ಯಾವ ಹೆಸರೋ ಅದೇ ಹೆಸರು ಕೊಟ್ಟು, ಕೊನೆಗೆ `.srt` ಹಾಕಿ ಅದೇ ಫೋಲ್ಡರಲ್ಲಿ ಇಡಿ. `VLC` ತಾನಾಗೇ ಎತ್ಕೊಳ್ಳುತ್ತೆ. ಪೆನ್‌ಡ್ರೈವ್ ಹಾಕಿ ಟಿವಿಯಲ್ಲಿ ನೋಡಿದಾಗ ಚೌಕ ಚೌಕ ಬಂದರೆ ಫೈಲಿನ ತಪ್ಪಲ್ಲ, ಆ ಟಿವಿಯಲ್ಲಿ ಕನ್ನಡ ಫಾಂಟ್ ಇಲ್ಲ. ಲ್ಯಾಪ್‌ಟಾಪಿನಿಂದ ವೈರ್ ಹಾಕಿ ತೋರಿಸಿ.

ಹೆಚ್ಚು ಜನ ಕೈಚೆಲ್ಲೋದು ಅಕ್ಷರ ಮಾತಿಗೆ ಹೊಂದದೇ ಇದ್ದಾಗ. ಎರಡು ಬಗೆಯ ತಪ್ಪಿದೆ. ಶುರುವಿನಲ್ಲಿ ಎರಡು ಸೆಕೆಂಡ್ ಹಿಂದೆ, ಕೊನೆಯಲ್ಲೂ ಎರಡೇ ಸೆಕೆಂಡ್ ಹಿಂದೆ ಇದ್ದರೆ ಸುಲಭ. ಕಂಪ್ಯೂಟರಿನ `VLC`ಯಲ್ಲಿ `G`, `H` ಕೀ ಒತ್ತುತ್ತಾ ಹೋದರೆ ಕೂತ್ಕೊಳ್ಳುತ್ತೆ. ಶುರುವಿನಲ್ಲಿ ಸರಿ ಇದ್ದು, ಹೋಗ್ತಾ ಹೋಗ್ತಾ ಅಂತರ ಬೆಳೆದರೆ ಅದು ಬೇರೆ ರೋಗ. ಸಿನಿಮಾ ಸೆಕೆಂಡಿಗೆ 24 ಚಿತ್ರ ಓಡೋದು, ನಮ್ಮ ಡಿವಿಡಿಗಳು 25. ಒಂದರ ಮೇಲೆ ಬರೆದ ಸಮಯವನ್ನ ಇನ್ನೊಂದಕ್ಕೆ ಹಾಕಿದರೆ ಒಂದು ಗಂಟೆಗೆ ಎರಡು ನಿಮಿಷಕ್ಕಿಂತ ಜಾಸ್ತಿ ತಪ್ಪುತ್ತೆ. ಒಂದೊಂದು ಸಾಲು ತಿದ್ದುತ್ತಾ ಕೂರಬೇಡಿ. `Subtitle Edit` ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ಫ್ರೇಮ್ ರೇಟ್ ಬದಲಿಸಿದರೆ ಒಂದೇ ಏಟಿಗೆ ಎಲ್ಲ ಸರಿ ಹೋಗುತ್ತೆ.

ಇನ್ನು ವಿವರಣೆ ಬರೆಯೋದು. ನನ್ನ ಪ್ರಕಾರ ನಮ್ಮವರು ಕೈ ಹಾಕಲೇಬೇಕಾದ ಜಾಗ ಇದು. ಈ ಕೆಲಸದ ಮೊದಲ ನಿಯಮ ‘ಕಂಡದ್ದನ್ನ ಹೇಳು, ಅರ್ಥ ಹೇಳಬೇಡ’ ಅಂತ. ಒಳ್ಳೆ ನಿಯಮ. ಆದರೆ ಎರಡು ಮಾತಿನ ನಡುವೆ ಸಿಗೋದು ನಾಲ್ಕು ಸೆಕೆಂಡ್, ತೆರೆ ಮೇಲೆ ಇರೋದು ನಲವತ್ತು ವಸ್ತು. ಯಾವುದನ್ನ ಕಂಡೆ ಅನ್ನೋದೇ ಪ್ರಶ್ನೆ. ಗೋಡೆ ಮೇಲಿನ ಬಾಬಾಸಾಹೇಬರ ಫೋಟೋ, ಕೈಯಲ್ಲಿ ಹಿಡಿದ ಚಪ್ಪಲಿ, ಜಗಲಿಯ ಮೂಲೆಯಲ್ಲಿ ಬೇರೆ ಇಟ್ಟ ಲೋಟ. ನಮ್ಮ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ. ಅದನ್ನ ಅನುಭವಿಸದವರ ಕಣ್ಣು ಹೀರೋಯಿನ್ ಸೀರೆ ಬಣ್ಣಕ್ಕೆ ಹೋಗಿರುತ್ತೆ. ಇಬ್ಬರೂ ನಿಯಮ ಮುರಿದಿಲ್ಲ. ಆದರೆ ಒಬ್ಬರ ವಿವರಣೆಯಲ್ಲಿ ಜಾತಿ ಇದೆ, ಇನ್ನೊಬ್ಬರದ್ದರಲ್ಲಿ ಇಲ್ಲವೇ ಇಲ್ಲ.

‘ಜೈ ಭೀಮ್’ ಕೊನೆಗೆ ಅಭ್ಯಾಸಕ್ಕೆ ಅಂತ ನಾಲ್ಕು ಜನ ಬರೆದೆವು. ಒಬ್ಬರದ್ದು, ‘ಹುಡುಗಿ ಕುರ್ಚಿಯಲ್ಲಿ ಕೂತು ಪತ್ರಿಕೆ ಓದುತ್ತಾಳೆ.’ ತಪ್ಪೇನಿಲ್ಲ. ಆದರೆ ಕಾಲು ಎಲ್ಲಿ? ಧಣಿ ಬರೋ ದಾರಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಕ್ಕೆ ಪೆಟ್ಟು ತಿಂದವರು ಇರೋ ನಾಡಲ್ಲಿ, ಆ ದೃಶ್ಯ ಇರೋದೇ ಕಾಲಲ್ಲಿ. ಇನ್ನೊಬ್ಬರದ್ದು, ‘ಶತಮಾನಗಳ ಸಂಕೋಲೆ ಕಳಚಿ ಕೂರುತ್ತಾಳೆ.’ ಅದು ಭಾಷಣ. ದೊಡ್ಡಪ್ಪನಿಗೆ ಸಂಕೋಲೆ ವಿಚಾರ ನಾವು ಹೇಳಿಕೊಡಬೇಕಾ? ಮೂರನೆಯದು, ‘ಅಲ್ಲಿ ಕೂರುತ್ತಾಳೆ’ ಅಂತ ಇತ್ತು. ತಮಿಳಿನಲ್ಲಿ ಅಲ್ಲಿ ಅಂದರೆ ಹೂವಿನ ಹೆಸರು. ಕನ್ನಡ ಕಿವಿಗೆ ಅದು ‘ಆ ಜಾಗದಲ್ಲಿ ಯಾರೋ ಕೂತರು’ ಅಂತಲೇ ಕೇಳುತ್ತೆ. ಕಾಗದದ ಮೇಲೆ ಈ ತೊಡಕು ಕಾಣಲ್ಲ, ಜೋರಾಗಿ ಓದಿದಾಗಲೇ ಗೊತ್ತಾಗೋದು.

ಕೊನೆಗೆ ಉಳಿದದ್ದು ಇದು: ‘ಚಂದ್ರು ಕಾಲ ಮೇಲೆ ಕಾಲು ಹಾಕಿ ಪೇಪರ್ ಓದುತ್ತಿದ್ದಾರೆ. ಎದುರಿನ ಕುರ್ಚಿಯಲ್ಲಿ ಮಗು. ಅವಳೂ ಪೇಪರ್ ಬಿಡಿಸುತ್ತಾಳೆ. ಕಾಲ ಮೇಲೆ ಕಾಲು.’ ಓದಿ ಮುಗಿಸೋಕೆ ಹತ್ತು ಸೆಕೆಂಡ್ ಒಳಗೆ. ಆಮೇಲೆ ಬಾಯಿ ಮುಚ್ಚಿ ಸಂಗೀತಕ್ಕೆ ಬಿಡಬೇಕು.

ದನಿಗೆ ಫೋನಲ್ಲೇ ರೆಕಾರ್ಡ್ ಮಾಡ್ತೀವಿ, ಕಂಬಳಿ ಹೊದ್ದು. ಮಳೆಗಾಲದಲ್ಲಿ ಶೀಟ್ ಮನೆಯಲ್ಲಿ ಆಗೋ ಮಾತಲ್ಲ, ಹೊರಗೆ ಒಂದು ಹನಿ ಬಿದ್ದರೂ ಎಲ್ಲ ಕೆಡುತ್ತೆ. ನವೆಂಬರಿಂದ ಮೇವರೆಗೆ ನಮ್ಮ ಸ್ಟುಡಿಯೋ ತೆರೆದಿರುತ್ತೆ ಅನ್ನಿ. ಮುಗಿದ ಮೇಲೆ ಪರೀಕ್ಷೆ: ಕಣ್ಣು ಕಾಣೋ ಒಬ್ಬರನ್ನ ಟಿವಿಗೆ ಬೆನ್ನು ಹಾಕಿ ಕೂರಿಸಿ, ಕತೆ ಹೇಳಿಸ್ತೀವಿ. ಆದರೆ ಕೊನೆ ಮಾತು ದೊಡ್ಡಪ್ಪನದೇ. ಹೋದ ಸಲ ಅವರು ಹಾಕಿದ ತಕರಾರು, ‘ಯಾರು ಎಲ್ಲಿ ನಿಂತವ್ರೆ ಅಂತ ಹೇಳ್ತೀರಿ, ಎಷ್ಟು ದೂರ ಅಂತ ಹೇಳಲ್ಲ. ಧಣಿಗೂ ಚೋಮನಿಗೂ ನಡುವೆ ಎಷ್ಟು ಜಾಗ ಐತೆ ಅದು ಹೇಳಿ ಮೊದ್ಲು.’

ಈಗ ‘ಚೋಮನ ದುಡಿ’ಯ ಇಡೀ ವಿವರಣೆ ಅದರ ಪ್ರಕಾರ ಮತ್ತೆ ಬರೀತಾ ಇದ್ದೀವಿ. ಅಂಗಳ, ಜಗಲಿ, ಬೇಲಿ, ಪ್ರತಿ ದೃಶ್ಯದಲ್ಲೂ ಚೋಮ ಎಷ್ಟು ಮಾರು ಆಚೆ ನಿಂತಿದ್ದಾನೆ ಅಂತ ಅಳೆದು. ತುಳುನಾಡಿನ ಮನೆಯ ಅಂಗಳದ ಹೆಸರುಗಳು ಚೆನ್ನಾಗಿ ಗೊತ್ತಿರೋರು, ಹೆಣ್ಣು ದನಿಯಲ್ಲಿ ನಿಧಾನಕ್ಕೆ ಓದಬಲ್ಲೋರು ಇಬ್ಬರು ಬೇಕು. ಭಾನುವಾರ ಬೆಳಿಗ್ಗೆ ಆಲೂರಿಗೆ ಬರೋಕೆ ಆಗೋರು ಇನ್‌ಬಾಕ್ಸ್‌ಗೆ ಬನ್ನಿ. ಬಸ್ ಚಾರ್ಜ್ ನಮ್ಮದು, ಮಧ್ಯಾಹ್ನದ ಊಟ ನಮ್ಮ ಅಕ್ಕನ ಮನೆಯದು.